ಮೂಗಿನ ಬಳಿಯ ಗುರುತು

ದ್ವಾರಕಾದ ಕಾಕೂ ಫೋನು ಮಾಡಿದಾಗ ಸಂಜೆ ಆರೂವರೆ. ಜನವರಿಯ ಮಂಜು ಕವಿದು ಎದುರಿನ ಕಟ್ಟಡದ ದೀಪಗಳೂ ಕಾಣಿಸುತ್ತಿರಲಿಲ್ಲ. "ತಂಗಿ, ನಳಿಗಿ ಹೊರಗ ಬಂದಿತ್ತು. ಹುಡುಗ ಮತ್ತ ಒಳಗ ಹಾಕ್ಯಾನ. ಹೊಟ್ಟಿಯೊಳಗ ಗುಡುಗುಡು ಅಂತ ಸಪ್ಪಳಾನೂ ಬಂತಂತ. ಆದ್ರ ಕಾಕಾನ ಗಂಟಲಾ ಯಾಕೋ ಗೊರಗೊರ ಅನ್ನಲಿಕ್ಕೆ ಹತ್ತೇದ" ಎಂದರು. ಇನ್ನು ಒಂದು ಹನಿಯನ್ನೂ ಕೊಡಬೇಡಿ, ಹಾಸಿಗೆಯ ತಲೆಯ ಭಾಗವನ್ನು ಎತ್ತಿಯೇ ಇಡಿ, ನಾನು ಬರುತ್ತೇನೆ ಎಂದು ಹೇಳಿ ಹೊರಟೆ.

ಕಾಕಾ ನಮ್ಮಲ್ಲಿ ಹಲವರಿಗೆ ಪರಿಚಿತರು. ಕರ್ನಾಟಕ ಸಂಘದ ಸಭೆಗಳಲ್ಲಿ ಎರಡನೆಯ ಸಾಲಿನ ತುದಿಯ ಕುರ್ಚಿ ಅವರದೇ ಆಗಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಆಸ್ಪತ್ರೆಯವರು ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಹಾಕಿ ಮನೆಗೆ ಕಳಿಸಿದ್ದರು. ನಾನು ಮೂವತ್ತು ವರ್ಷ ದಿಲ್ಲಿಯ ವಾರ್ಡುಗಳಲ್ಲಿ ದುಡಿದು ನಿವೃತ್ತಳಾದ ದಾದಿ. ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ.

ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿದ್ದುದು ಕಾಕೂ ಹೇಳಿದ ಆ ಸಪ್ಪಳ. ಅದರ ಮೇಲೆ ನನಗೆ ನಂಬಿಕೆ ಹೋಗಿ ಬಹಳ ವರ್ಷಗಳಾಗಿದ್ದವು.

ಆ ಸಪ್ಪಳ ಏನೆಂಬುದನ್ನು ಮೊದಲು ಹೇಳಬೇಕು. ನಳಿಕೆ ಹಾಕಿದ ಮೇಲೆ ಸಿರಿಂಜಿನಿಂದ ಹತ್ತಿಪ್ಪತ್ತು ಮಿಲಿಲೀಟರ್ ಗಾಳಿಯನ್ನು ಅದರೊಳಗೆ ರಭಸದಿಂದ ತಳ್ಳಿ, ಹೊಟ್ಟೆಯ ಮೇಲ್ಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟು ಆಲಿಸುವುದು ಹಳೆಯ ಕ್ರಮ. ಗುಳುಗುಳು ಎಂದು ಕೇಳಿದರೆ ತುದಿ ಜಠರದಲ್ಲಿದೆ ಎಂದು ಅರ್ಥ. ನನಗೂ ಹಾಗೆಯೇ ಕಲಿಸಿದ್ದರು, ನಾನೂ ಹಾಗೆಯೇ ಎಷ್ಟೋ ಹುಡುಗಿಯರಿಗೆ ಕಲಿಸಿದೆ. ಆದರೆ ಎಡ ಶ್ವಾಸಕೋಶದ ಕೆಳಭಾಗ ಹಾಗೂ ಜಠರ ಇವೆರಡರ ನಡುವೆ ಇರುವುದು ವಪೆ ಎಂಬ ತೆಳುವಾದ ಸ್ನಾಯುವಿನ ಪರದೆ ಮಾತ್ರ. ಪಕ್ಕದ ಕೋಣೆಯ ಮಾತು ಗೋಡೆಯಾಚೆಗೆ ಕೇಳುವಂತೆ, ಶ್ವಾಸಕೋಶದೊಳಗೆ ಹೊಕ್ಕ ಗಾಳಿಯ ಸದ್ದು ಹೊಟ್ಟೆಯ ಮೇಲೂ ಕೇಳುತ್ತದೆ. ನಳಿಕೆಯ ತುದಿ ಅನ್ನನಾಳದಲ್ಲಿ ಅರ್ಧಕ್ಕೆ ನಿಂತಿದ್ದರೂ ಕೇಳುತ್ತದೆ. ಗಾಳಿ ಎಲ್ಲೋ ಹೋಯಿತು ಎಂಬುದಷ್ಟನ್ನೇ ಕಿವಿ ಹೇಳಬಲ್ಲದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1994ರ ಚಳಿಗಾಲ. ದಿಲ್ಲಿಯ ಒಂದು ಆಸ್ಪತ್ರೆ, ರಾತ್ರಿ ಪಾಳಿ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದ ಒಬ್ಬ ನಡುವಯಸ್ಸಿನ ಮನುಷ್ಯನಿಗೆ ನಳಿಕೆ ಹಾಕಿದೆ. ಎಚ್ಚರವಿರುವ ಮನುಷ್ಯನಾದರೆ ನಳಿಕೆ ಶ್ವಾಸನಾಳಕ್ಕೆ ತಾಕಿದೊಡನೆ ಕೆಮ್ಮಿ, ಮುಖ ಕೆಂಪಗಾಗಿ, ನಮ್ಮ ಕೈಯನ್ನೇ ದೂಡುತ್ತಾನೆ. ಆತ ಕೆಮ್ಮಲಿಲ್ಲ. ಕೆಮ್ಮಲಿಲ್ಲವೆಂದೇ ನನಗೆ ಸಮಾಧಾನವಾಯಿತು. ಕೆಮ್ಮುವ ಪ್ರತಿಕ್ರಿಯೆಯೇ ಉಳಿದಿಲ್ಲದವನು ಹೇಗೆ ಕೆಮ್ಮಿಯಾನು ಎಂಬ ವಿಚಾರ ಹೊಳೆಯಲಿಲ್ಲ. ಗಾಳಿ ತಳ್ಳಿದೆ, ಸದ್ದು ಕೇಳಿತು. ಹಿರಿಯ ಸಿಸ್ಟರ್ ಕೂಡ ಕೇಳಿ ತಲೆಯಾಡಿಸಿದರು. ಹಾಲಿನ ಫೀಡ್ ಅರ್ಧ ಇಳಿಯುವಷ್ಟರಲ್ಲಿ ಉಸಿರು ಏರಿತು, ತುಟಿ ನೀಲಿಯಾಯಿತು. ಎಕ್ಸ್‌ರೇ ತೆಗೆದಾಗ ನಳಿಕೆ ಬಲ ಶ್ವಾಸಕೋಶದ ಕೆಳಭಾಗದಲ್ಲಿತ್ತು. ಬಲಗಡೆಯ ಕವಲು ಎಡಗಡೆಯದಕ್ಕಿಂತ ನೇರವಾಗಿ ಕೆಳಗಿಳಿಯುವುದರಿಂದ ದಾರಿ ತಪ್ಪಿದ್ದು ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತದೆ. ಆತ ನಾಲ್ಕನೆಯ ದಿನ ತೀರಿಕೊಂಡ. ಮನೆಯವರಿಗೆ ನ್ಯುಮೋನಿಯ ಎಂದು ಹೇಳಲಾಯಿತು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆತನ ಹೆಂಡತಿ ಹೊರಡುವಾಗ ನನ್ನ ಕೈ ಹಿಡಿದು, ರಾತ್ರಿಯೆಲ್ಲ ನೋಡಿಕೊಂಡಿರಿ ಎಂದು ಕೃತಜ್ಞತೆ ಹೇಳಿದಳು.

ಇಂಗ್ಲೆಂಡಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ ಈ ಗಾಳಿ ಪರೀಕ್ಷೆಯನ್ನು ಬಳಸಲೇ ಕೂಡದೆಂದು 2005ರಲ್ಲಿ ಎಚ್ಚರಿಕೆ ಹೊರಡಿಸಿತು. ನಳಿಕೆಯ ಹೊರತುದಿಯನ್ನು ನೀರಿನ ಬಟ್ಟಲಿನಲ್ಲಿ ಅದ್ದಿ ಗುಳ್ಳೆ ಬರುವುದೇ ಎಂದು ನೋಡುವ ಇನ್ನೊಂದು ಹಳೆಯ ಪದ್ಧತಿಯನ್ನೂ ಬಿಡಬೇಕೆಂದಿತು. ನಮ್ಮಲ್ಲಿ ಎರಡೂ ಇಂದಿಗೂ ಜೀವಂತವಾಗಿವೆ. ಮನೆಮನೆಗೆ ಏಜೆನ್ಸಿಗಳು ಕಳಿಸುವ ಅಟೆಂಡೆಂಟ್ ಹುಡುಗರು ನೋಡಿ ಕಲಿತವರು. ಅವರು ನೋಡಿದ್ದು ನಮ್ಮನ್ನೇ ಆದ್ದರಿಂದ ಅವರನ್ನು ದೂರುವ ಹಕ್ಕು ನಮಗಿಲ್ಲ.

ದ್ವಾರಕಾದ ಮನೆ ತಲುಪಿದಾಗ ಆ ಹುಡುಗ ಬಾಗಿಲಲ್ಲೇ ನಿಂತಿದ್ದ. ಜಾರ್ಖಂಡಿನವನು, ಇಪ್ಪತ್ತೆರಡರ ಪ್ರಾಯ. "ಆವಾಜ್ ಆಯಾ ಥಾ, ದೀದಿ" ಎಂದ. ಸದ್ದು ಬಂದಿತ್ತು ಎಂದು ಪ್ರಮಾಣ ಮಾಡುವವನಂತೆ ಎರಡು ಸಲ ಹೇಳಿದ. ಕಾಕಾನನ್ನು ಮಗ್ಗುಲು ಬದಲಿಸುವಾಗ ನಳಿಕೆ ಎಳೆದುಬಂದಿತ್ತು. 50ರ ಗೆರೆ ಮೂಗಿನಿಂದ ಒಂದು ಗೇಣು ಹೊರಗೆ ಕಂಡಿತು. ಅವನು ಹಳೆಯ ಗುರುತಿನವರೆಗೆ ಒಳಕ್ಕೆ ತಳ್ಳಿ, ಗಾಳಿ ಹಾಕಿ, ಸದ್ದು ಕೇಳಿ, ಐವತ್ತು ಮಿಲಿಲೀಟರ್ ನೀರು ಕೊಟ್ಟ. ಅಷ್ಟರಲ್ಲಿ ಗಂಟಲಿನ ಸದ್ದು ಕೇಳಿ ಕಾಕೂ ತಡೆದರು.

ಇಲ್ಲಿ ಆ ಗೆರೆಗಳ ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸಿಗುವ ಸಾಮಾನ್ಯ ರೈಲ್ಸ್ ಟ್ಯೂಬ್ 105 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ನಳಿಕೆ. ತುದಿಯಿಂದ 50, 60, 70 ಸೆಂಟಿಮೀಟರ್ ದೂರದಲ್ಲಿ ಮಾತ್ರ ಗೆರೆಗಳಿರುತ್ತವೆ. ಹಾಕುವ ಮೊದಲು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆಯುತ್ತೇವೆ. ಈ ಅಳತೆ ಒಂದು ಅಂದಾಜು ಮಾತ್ರ, ಕೆಲವರಲ್ಲಿ ಸ್ವಲ್ಪ ಕಡಿಮೆ ಬೀಳುತ್ತದೆ. ಕಾಕಾನಿಗೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ನಿಲ್ಲಿಸಿದ್ದು 56ಕ್ಕೆ. 50ಕ್ಕೂ 60ಕ್ಕೂ ನಡುವೆ ಗೆರೆಯಿಲ್ಲವಾದ್ದರಿಂದ ಮೂಗಿನ ಹೊಳ್ಳೆಯ ಅಂಚಿನಲ್ಲಿ ನಾನೇ ಶಾಶ್ವತ ಮಸಿಯ ಪೆನ್ನಿನಿಂದ ಗುರುತು ಹಾಕಿದ್ದೆ. ಪ್ರತಿ ಫೀಡಿಗೂ ಮೊದಲು ಆ ಗುರುತು ಹೊಳ್ಳೆಯ ಅಂಚಿನಲ್ಲೇ ಇದೆಯೇ ಎಂದು ನೋಡಬೇಕೆಂಬುದು ಮನೆಯ ನಿಯಮವಾಗಿತ್ತು.

ನಾನು ಹೋದಾಗ ಗುರುತು ಸರಿಯಾಗಿ ಅಲ್ಲೇ ಇತ್ತು. ಅದೇ ಮೋಸ. ನಳಿಕೆ ಹಾಕಿದಂದಿನಿಂದ ಅಲುಗದೆ ಇದ್ದರೆ ಮಾತ್ರ ಆ ಗುರುತಿಗೆ ಅರ್ಥವಿದೆ. ಒಮ್ಮೆ ಹೊರಬಂದು ಮತ್ತೆ ತಳ್ಳಲ್ಪಟ್ಟರೆ, ಎಷ್ಟು ಉದ್ದ ಒಳಗೆ ಹೋಗಿದೆ ಎಂದು ಅದು ಹೇಳುತ್ತದೆಯೇ ಹೊರತು ಎಲ್ಲಿ ಹೋಗಿದೆ ಎಂದಲ್ಲ. ಒಳಗೆ ಅದು ಸುರುಳಿ ಸುತ್ತಿರಬಹುದು, ಮಡಚಿರಬಹುದು, ಬೇರೆ ದಾರಿ ಹಿಡಿದಿರಬಹುದು.

ಟಾರ್ಚು ಹಿಡಿದು ಬಾಯೊಳಗೆ ನೋಡಿದೆ. ಗಂಟಲಿನ ಹಿಂಭಾಗದಲ್ಲಿ ನಳಿಕೆ ನೇರವಾಗಿ ಇಳಿದಂತೆ ಕಂಡಿತು, ಬಾಯಲ್ಲಿ ಸುರುಳಿಯಿಲ್ಲ. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕ 91. ಮುಂಜಾನೆ 96 ಇತ್ತೆಂದು ಕಾಕೂ ಬರೆದಿಟ್ಟಿದ್ದರು. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿದಾಗ ಉಸಿರು 26. ವಿಶ್ರಾಂತಿಯಲ್ಲಿರುವ ಮುದುಕರಿಗೆ ಇದು ಹೆಚ್ಚು.

ಬಳಿಕ 50 ಮಿಲಿಲೀಟರಿನ ದೊಡ್ಡ ಸಿರಿಂಜಿನಿಂದ ಮೆಲ್ಲಗೆ ಸೆಳೆದೆ. ಏನೂ ಬರಲಿಲ್ಲ. ನಳಿಕೆಯ ರಂಧ್ರಗಳು ಜಠರದ ಗೋಡೆಗೆ ಅಂಟಿಕೊಂಡಾಗಲೂ ಹೀಗಾಗುವುದುಂಟು. ಆಗ ಸ್ವಲ್ಪ ಗಾಳಿ ಕೊಟ್ಟು ಬಿಡಿಸಿ, ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಸೆಳೆಯಬೇಕು. ಹಾಗೆಯೇ ಮಾಡಿದೆ. ಗಾಳಿ ಕೊಟ್ಟಾಗ ಗುಳುಗುಳು ಎಂದು ನನಗೂ ಕೇಳಿತು, ಹುಡುಗ ನನ್ನ ಮುಖ ನೋಡಿದ. ಕಾಲು ಗಂಟೆಯ ನಂತರ ಒಂದೆರಡು ಮಿಲಿಲೀಟರ್ ಬಿಳಿ ನೊರೆ ಬಂತು. ಪಿಎಚ್ ಪಟ್ಟಿಗೆ ಒಂದು ಹನಿ ಹಾಕಿದೆ. ಬಣ್ಣ 7ರ ಹತ್ತಿರ ನಿಂತಿತು.

ಜಠರದ ರಸ ಆಮ್ಲ. ಪಟ್ಟಿ 5.5 ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ ತುದಿ ಶ್ವಾಸಕೋಶದಲ್ಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಅರ್ಧ ಅರ್ಧ ಅಂಕದ ಬಣ್ಣಗಳಿರುವ ಪಟ್ಟಿಯೇ ಬೇಕು. ಶಾಲೆಯ ಪ್ರಯೋಗಾಲಯದ ಲಿಟ್ಮಸ್ ಕಾಗದ ಆಮ್ಲವೋ ಅಲ್ಲವೋ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. 5.5ಕ್ಕಿಂತ ಮೇಲೆ ಬಂದರೆ ಮಾತ್ರ ತೀರ್ಪು ಹೇಳಲಾಗದು. ಶ್ವಾಸಕೋಶದ ದ್ರವವೂ ಹಾಗೇ ಇರುತ್ತದೆ, ಅನ್ನನಾಳದ ಜೊಲ್ಲೂ ಹಾಗೇ ಇರುತ್ತದೆ, ಈಗತಾನೇ ಹಾಲು ಕುಡಿದ ಜಠರವೂ ಹಾಗಿರಬಹುದು. ಅಂಥ ಸಂದರ್ಭದಲ್ಲಿ ಉಳಿಯುವುದು ಎಕ್ಸ್‌ರೇ ಒಂದೇ.

ದಿಲ್ಲಿಯಲ್ಲಿ ಈಗ ಮನೆಗೇ ಯಂತ್ರ ತಂದು ಎಕ್ಸ್‌ರೇ ತೆಗೆಯುವವರಿದ್ದಾರೆ. ಮಂಜಿನಿಂದಾಗಿ ಬರುವಾಗ ಒಂಬತ್ತು ದಾಟಿತ್ತು. ಕಾಕಾನ ಮಗ ಕರೆದಿದ್ದ ವೈದ್ಯರೂ ಅಷ್ಟರಲ್ಲಿ ಬಂದಿದ್ದರು. ಚಿತ್ರದಲ್ಲಿ ನಾವು ಹುಡುಕುವುದು ಮೂರೇ ಸಂಗತಿ. ನಳಿಕೆ ಎದೆಯ ನಡುವಿನಲ್ಲಿ ಇಳಿದು, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗವನ್ನು ಯಾವ ಕವಲನ್ನೂ ಹಿಡಿಯದೆ ದಾಟಿರಬೇಕು. ವಪೆಯನ್ನು ನಡುಭಾಗದಲ್ಲೇ ದಾಟಬೇಕು. ತುದಿ ವಪೆಯ ಕೆಳಗೆ ಎಡಕ್ಕೆ ತಿರುಗಿರಬೇಕು. ನಮ್ಮ ನಳಿಕೆಗಳ ತುದಿಯಲ್ಲಿ ಸಣ್ಣ ಉಕ್ಕಿನ ಗುಂಡುಗಳನ್ನು ಸೇರಿಸಿರುತ್ತಾರೆ. ಅವು ಚಿತ್ರದಲ್ಲಿ ಸಾಸಿವೆಯ ಕಾಳಿನಂತೆ ಬೆಳ್ಳಗೆ ಹೊಳೆಯುವುದರಿಂದ ತುದಿಯನ್ನು ಹುಡುಕುವುದು ಕಷ್ಟವಲ್ಲ.

ಕಾಕಾನ ಚಿತ್ರದಲ್ಲಿ ಆ ಸಾಸಿವೆ ಕಾಳುಗಳು ಎದೆಯ ನಡುವೆ, ಹೃದಯದ ಹಿಂದೆ ಇದ್ದವು. ನಳಿಕೆ ಅನ್ನನಾಳದಲ್ಲಿ ಸ್ವಲ್ಪ ಇಳಿದು, ಮಡಚಿಕೊಂಡು, ಮೇಲ್ಮುಖವಾಗಿ ತಿರುಗಿತ್ತು. ಶ್ವಾಸಕೋಶಕ್ಕೆ ಹೋಗಿರಲಿಲ್ಲ. ನನಗೆ ಒಂದು ಕ್ಷಣ ಉಸಿರು ಬಂದಂತಾಯಿತು, ಆದರೆ ಇದೂ ಸಣ್ಣ ಅಪಾಯವಲ್ಲ. ಕೊಟ್ಟ ನೀರು ಗಂಟಲಿನ ಕಡೆಗೇ ಚಿಮ್ಮುತ್ತದೆ. ನುಂಗಲಾರದ, ಕೆಮ್ಮಲಾರದ ಗಂಟಲಿನಿಂದ ಅದು ಶ್ವಾಸನಾಳಕ್ಕೆ ಜಾರುತ್ತದೆ. ಕಾಕೂ ಕೇಳಿದ ಗೊರಗೊರ ಅದೇ. ಅದು ನೀರು, ಐವತ್ತು ಮಿಲಿಲೀಟರ್ ಎಂಬುದು ನಮ್ಮ ಪುಣ್ಯ. ಜೋಳದ ಅಂಬಲಿ ಇನ್ನೂರು ಮಿಲಿಲೀಟರ್ ಇಳಿದಿದ್ದರೆ ಈ ಲೇಖನದ ದಾರಿಯೇ ಬೇರೆಯಾಗುತ್ತಿತ್ತು.

ಹಳೆಯ ನಳಿಕೆಯನ್ನು ಬೆರಳಿನಿಂದ ಮಡಚಿ ಹಿಡಿದು ತೆಗೆದೆ. ಹಾಗೆ ಹಿಡಿಯದಿದ್ದರೆ ಒಳಗುಳಿದ ದ್ರವ ಬರುವ ದಾರಿಯಲ್ಲಿ ಗಂಟಲಿಗೆ ಸುರಿಯುತ್ತದೆ. ಗದ್ದವನ್ನು ಎದೆಯ ಕಡೆಗೆ ಬಾಗಿಸಿ ಹೊಸದನ್ನು ಹಾಕಿದೆ. ಎಕ್ಸ್‌ರೇಯ ಹುಡುಗ ಚಹ ಕುಡಿಯುತ್ತ ಕಾದಿದ್ದು ಇನ್ನೊಂದು ಚಿತ್ರ ತೆಗೆದ. ಈ ಸಲ ಸಾಸಿವೆ ಕಾಳುಗಳು ವಪೆಯ ಕೆಳಗೆ, ಎಡಕ್ಕೆ. ಗುರುತು ಮತ್ತೆ 56. ಮರುದಿನ ಕಾಕಾನಿಗೆ ಜ್ವರ ಬಂತು, ಬಲಗಡೆಯ ಬೆನ್ನಿನ ಕೆಳಭಾಗದಲ್ಲಿ ಉಸಿರಿನೊಡನೆ ಚರಚರ ಸದ್ದಿತ್ತು. ವೈದ್ಯರು ಪ್ರತಿಜೈವಿಕ ಔಷಧ ಬರೆದುಕೊಟ್ಟರು. ಆರನೆಯ ದಿನಕ್ಕೆ ಉಸಿರು 18ಕ್ಕೆ ಇಳಿಯಿತು.

ಆ ವಾರ ನಾನು ಅಲ್ಲಿ ಕೂತು ಪ್ರತಿಯೊಂದು ಫೀಡನ್ನೂ ನೋಡಿದೆ. ನಳಿಕೆ ಸರಿಯಾದ ಜಾಗದಲ್ಲಿದ್ದರೂ ಆಹಾರ ಮೇಲಕ್ಕೆ ಬರಲು ದಾರಿಗಳು ಬೇಕಾದಷ್ಟಿವೆ. ಮೊದಲನೆಯದು ಹಾಸಿಗೆಯಲ್ಲೇ ಕಂಡಿತು. ಬಾಡಿಗೆಗೆ ತಂದ ಫೌಲರ್ ಮಂಚದ ತಲೆಯ ಭಾಗವನ್ನು ಅವರು ಸರಿಯಾಗಿಯೇ ಎತ್ತುತ್ತಿದ್ದರು. ಆದರೆ ಕಾಕಾ ಮೆಲ್ಲಮೆಲ್ಲಗೆ ಕೆಳಕ್ಕೆ ಜಾರಿ, ಮಂಚ ಮಡಚುವ ಜಾಗದಲ್ಲಿ ಅವರ ಸೊಂಟದ ಬದಲು ಎದೆ ಬರುತ್ತಿತ್ತು. ಹೊಟ್ಟೆ ಹಿಂಡಿದ ಚೀಲದಂತಾಗುತ್ತಿತ್ತು. ದಿಂಬಿನ ಮೇಲೆ ದಿಂಬು ಇಟ್ಟರೂ ಇದೇ ಕತೆ, ಕುತ್ತಿಗೆ ಬಾಗುತ್ತದೆಯೇ ಹೊರತು ಮೈ ಏಳುವುದಿಲ್ಲ. ಮೊದಲು ರೋಗಿಯನ್ನು ಮೇಲಕ್ಕೆ ಸರಿಸಿ ಸೊಂಟ ಮಡಿಕೆಗೆ ಬರುವಂತೆ ಮಾಡಿ, ಬಳಿಕ 30ರಿಂದ 45 ಡಿಗ್ರಿಯಷ್ಟು ಎತ್ತಬೇಕು. ಫೀಡ್ ಮುಗಿದ ಮೇಲೂ ಒಂದು ಗಂಟೆ ಹಾಗೆಯೇ ಇರಬೇಕು. ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು ಎಲ್ಲ ಫೀಡಿಗೆ ಮೊದಲೇ ಮುಗಿಯಬೇಕು.

ಎರಡನೆಯದು ಕಾಕೂನ ಅಡುಗೆಮನೆಯಲ್ಲಿತ್ತು. ನಳಿಕೆಯಲ್ಲಿ ಆಹಾರ ತಾನಾಗಿ ಇಳಿಯಬೇಕು. ಸಿರಿಂಜಿನ ಒಳಗಿನ ದಂಡವನ್ನು ತೆಗೆದು ಅದನ್ನು ಲಾಳಿಕೆಯಂತೆ ಹಿಡಿದು, ಒಂದಡಿ ಎತ್ತರದಿಂದ 200 ಮಿಲಿಲೀಟರ್ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸರಿ. ಆದರೆ ಕಾಕೂನ ಅಂಬಲಿ ಇಳಿಯುತ್ತಿರಲಿಲ್ಲ, ಅದನ್ನು ಹುಡುಗ ದಂಡದಿಂದ ಒತ್ತುತ್ತಿದ್ದ. ಒಮ್ಮೆಲೇ ಉಬ್ಬಿದ ಜಠರ ತನ್ನ ಬಾಯನ್ನು ಸಡಿಲಿಸುತ್ತದೆ, ಅದರಲ್ಲೂ ನಳಿಕೆಯಿರುವಾಗ ಆ ಬಾಯಿ ಪೂರ್ತಿ ಮುಚ್ಚಿರುವುದೂ ಇಲ್ಲ. "ತೆಳ್ಳಗ ಮಾಡಿದ್ರ ನೀರಷ್ಟ ಹೋಕ್ಕದಲ್ಲ ತಂಗಿ, ಶಕ್ತಿ ಎಲ್ಲಿಂದ ಬರಬೇಕು?" ಎಂದು ಕಾಕೂ ಕೇಳಿದ್ದು ನ್ಯಾಯವಾದ ಪ್ರಶ್ನೆ. ನೀರು ಬೆರೆಸಿದರೆ ಶಕ್ತಿಯೂ ತೆಳುವಾಗುತ್ತದೆ.

ಇದಕ್ಕೆ ಉತ್ತರ ನಮ್ಮ ಕಡೆಯದೇ ಆದ ಮೊಳಕೆಯಲ್ಲಿದೆ. ಕಾಳು ಮೊಳೆಯುವಾಗ ಪಿಷ್ಟವನ್ನು ತುಂಡರಿಸುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟನ್ನು ಒಂದು ಚಮಚೆಯಷ್ಟು, ಕುದಿ ಇಳಿದು ಇನ್ನೂ ಬಿಸಿಯಿರುವ ಗಟ್ಟಿ ಅಂಬಲಿಗೆ ಹಾಕಿ ಕಲಸಿದರೆ ಕೆಲವೇ ನಿಮಿಷದಲ್ಲಿ ಅದು ಕಣ್ಣೆದುರೇ ಸಡಿಲಾಗುತ್ತದೆ. ಬಳಿಕ ಇನ್ನೊಮ್ಮೆ ಕುದಿಸಿ ಆರಿಸಬೇಕು. ಹಿಟ್ಟು ಅಷ್ಟೇ, ಶಕ್ತಿ ಅಷ್ಟೇ, ಹರಿವು ಮಾತ್ರ ಬೇರೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದ್ದು ಇದೇ ಗುಣವನ್ನು ನಂಬಿ. ಕಾಕೂ ಮೊದಲ ದಿನ ಪಾತ್ರೆಯೊಳಗೆ ಬಗ್ಗಿ ನೋಡಿ, "ಅಯ್ಯ, ನೀರಾತಲ್ಲ!" ಎಂದು ಬೆರಗಾದರು. ಬಟ್ಟೆಯಲ್ಲಿ ಸೋಸಿ, ಮೊದಲೂ ಕೊನೆಗೂ 30 ಮಿಲಿಲೀಟರ್ ನೀರು ಹಾಕಿ ಕೊಟ್ಟಾಗ ಯಾರೂ ಒತ್ತದೆಯೇ ಇಳಿಯಿತು.

ಮೂರನೆಯ ದಾರಿಯನ್ನು ಮನೆಯವರು ನಂಬುವುದೇ ಕಷ್ಟ. ಬಾಯಿಂದ ಏನೂ ಕೊಡುತ್ತಿಲ್ಲವಾದ್ದರಿಂದ ಬಾಯಿ ತೊಳೆಯುವುದೇಕೆ ಎಂದು ಕೇಳುತ್ತಾರೆ. ಅಗಿಯದ ಬಾಯಿಯಲ್ಲಿ ಜೊಲ್ಲು ನಿಲ್ಲುತ್ತದೆ, ರೋಗಾಣು ಬೆಳೆಯುತ್ತದೆ, ಆ ಜೊಲ್ಲು ದಿನವಿಡೀ ಹನಿಹನಿಯಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಇದನ್ನು ಯಾವ ನಳಿಕೆಯೂ ತಡೆಯದು. ಮೆದು ಬ್ರಷ್ಷಿನಿಂದ ದಿನಕ್ಕೆರಡು ಸಲ ಹಲ್ಲು, ನಾಲಿಗೆ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದಷ್ಟೇ ದಾರಿ. ಇಲ್ಲಿ ನನಗೆ ನಮ್ಮ ಹಳದೀಪುರದ ಅರುಣಾ ಶಾನಭಾಗ ನೆನಪಾಗುತ್ತಾರೆ. ಹೊನ್ನಾವರ ಸೀಮೆಯ ನನ್ನಂಥವಳಿಗೆ ಆಕೆ ಮನೆಯ ಹುಡುಗಿ. 1973ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾದ ಆ ದಾದಿಯನ್ನು ಅಲ್ಲಿನ ದಾದಿಯರು ದಶಕಗಳ ಕಾಲ ಮಸೆದ ಆಹಾರವನ್ನು ಕೈಯಾರೆ ಉಣಿಸಿ ಉಳಿಸಿಕೊಂಡರು. 2010ರಲ್ಲಿ ಮಲೇರಿಯ ಬಂದು ಊಟ ಕುಗ್ಗಿದ ಮೇಲೆ ರೈಲ್ಸ್ ಟ್ಯೂಬ್ ಬಂತು. 2011ರ ಮಾರ್ಚಿನಲ್ಲಿ ಇಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ನಮ್ಮ ವಾರ್ಡಿನಲ್ಲಿ ಎಲ್ಲರೂ ಮಾತಾಡಿದ್ದು ದಯಾಮರಣದ ಬಗ್ಗೆ. ನಾನು ಮಾತ್ರ, ಅಷ್ಟು ವರ್ಷ ಆ ಮೈಗೆ ಹಾಸಿಗೆ ಹುಣ್ಣು ಬರಲಿಲ್ಲ ಎಂಬ ಮಾತನ್ನು ಹಿಡಿದು ಕೂತಿದ್ದೆ. 2015ರ ಮೇ ತಿಂಗಳಲ್ಲಿ ಆಕೆಯನ್ನು ಕೊನೆಗೊಯ್ದದ್ದು ನ್ಯುಮೋನಿಯ. ಅಷ್ಟು ಕೈಗಳು ಕಾದರೂ ಆ ಬಾಗಿಲು ಪೂರ್ತಿ ಮುಚ್ಚಲಿಲ್ಲ.

ಪಿಎಚ್ ಪಟ್ಟಿ ಕಾಕಾನ ವಿಷಯದಲ್ಲಿ ಇನ್ನೊಂದು ತೊಡಕು ತಂದಿತು. ಎಕ್ಸ್‌ರೇ ಸರಿಯಿದ್ದ ಮರುದಿನವೂ ಅದು 6 ತೋರಿಸಿತು. ಕಾರಣ ಹುಡುಕಿದರೆ, ಬೆಳಿಗ್ಗೆ ಕೊಡುತ್ತಿದ್ದ ಪ್ಯಾಂಟೊಪ್ರಜೋಲ್. ದಿಲ್ಲಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವವರಲ್ಲಿ ಆಮ್ಲ ತಗ್ಗಿಸುವ ಈ ಮಾತ್ರೆ ಇಲ್ಲದ ಚೀಟಿ ನಾನು ಕಂಡದ್ದು ಕಡಿಮೆ. ಮಾತ್ರೆಗೆ ಮೊದಲು, ರಾತ್ರಿಯ ಫೀಡಾಗಿ ಏಳೆಂಟು ಗಂಟೆ ಕಳೆದ ಮೇಲೆ ತೆಗೆದರೆ 5 ಬರುತ್ತಿತ್ತು. ಹಾಗಾಗಿ ಬೆಳಗಿನ ಆ ಒಂದು ಪರೀಕ್ಷೆಯನ್ನು ಉಳಿಸಿಕೊಂಡು, ಉಳಿದ ಫೀಡುಗಳಿಗೆ ಗುರುತು ನೋಡುವುದು, ಬಾಯೊಳಗೆ ಟಾರ್ಚು ಹಾಕುವುದು, ಉಸಿರು ಮತ್ತು ಗಂಟಲಿನ ಸದ್ದನ್ನು ಗಮನಿಸುವುದು ಎಂದು ನಿಶ್ಚಯಿಸಿದೆವು. ಗುರುತು ಸರಿದಿದ್ದರೆ ತಳ್ಳುವಂತಿಲ್ಲ, ಕೊಡುವಂತಿಲ್ಲ, ಫೋನು ಮಾಡಬೇಕು. ಹುಡುಗನಿಗೆ ಸ್ಟೆತೊಸ್ಕೋಪ್ ತೆಗೆದಿಡು ಎಂದಾಗ ಅವನ ಮುಖ ಬಾಡಿತು. ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ ಅದಾಗಿತ್ತು. 1994ರ ಕತೆಯನ್ನು ಅವನಿಗೆ ಹಿಂದಿಯಲ್ಲಿ ಹೇಳಿದೆ. ನನ್ನ ಮಕ್ಕಳಿಗೂ ನಾನು ಅದನ್ನು ಹೇಳಿರಲಿಲ್ಲ.

ಕಾಕೂ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಗೋಡೆಗೆ ಅಂಟಿಸಿದ್ದಾರೆ. ಹೊತ್ತು, ಗುರುತು, ಬಾಯಿ, ಉಸಿರು, ಎಷ್ಟು ಕೊಟ್ಟೆವು ಎಂದು ಐದು ಕಂಬ. ದಿನಕ್ಕೆ ಏಳು ಸಾಲು, ಎಲ್ಲವೂ ಕನ್ನಡ ಅಕ್ಷರದಲ್ಲಿ. ಕನ್ನಡ ಬಾರದ ಹುಡುಗ ಈಗ ಆ ಐದು ಶಬ್ದಗಳನ್ನು ಓದುತ್ತಾನೆ. ನಿನ್ನೆ ಸಂಜೆಯೂ ಫೋನು ಬಂತು. ನಾನು ಗಾಬರಿಯಿಂದ ಎತ್ತಿದರೆ ಅವನ ಧ್ವನಿ: "ದೀದಿ, ಗುರುತು 56, ಬಾಯಿ ಸಾಫ್, ಉಸಿರು 19. ದೇ ದೂಂ?" ಕೊಡು ಎಂದೆ.